ಗುಟ್ಟು ಬಿಟ್ಟುಕೊಡದೆ ಪುಸ್ತಕ ಪರಿಚಯ: ಕ್ಯಾರೊಸೆಲ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ನಮ್ಮ ಕನ್ನಡ ಓದುಗರ ಗುಂಪಿನಲ್ಲಿ ಡೊಂಬಿವಲಿಯವರಿದ್ದಾರೆ, ಮಾಟುಂಗಾದವರಿದ್ದಾರೆ, ಬೊರಿವಲಿಯಿಂದ ಲೋಕಲ್ ಹಿಡಿದು ಬರುವವರೂ ಇದ್ದಾರೆ. ಓದಿದ ಪುಸ್ತಕವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾರೊಸೆಲ್, ಅಂದರೆ ಒಂದೊಂದಾಗಿ ಸರಿಸಿ ನೋಡುವ ಸ್ಲೈಡುಗಳ ಪೋಸ್ಟ್, ಮಾಡಿ ಹಾಕುವ ಕೆಲಸ ಸರದಿ ಪ್ರಕಾರ ಒಬ್ಬೊಬ್ಬರಿಗೆ ಬರುತ್ತದೆ. ಸರದಿ ಬಂದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಎಷ್ಟು ಸ್ಲೈಡ್ ಇರಬೇಕು?

ಆರು ಸಾಕು. ಮೊದಲನೆಯದರಲ್ಲಿ ಮುಖಪುಟದ ಫೋಟೊ, ಪುಸ್ತಕದ ಹೆಸರು, ಲೇಖಕರ ಹೆಸರು. ಎರಡನೆಯದು ಕಥೆಯ ಎಳೆ. ಮೂರನೆಯದು ಹಿಡಿಸಿದ್ದು, ನಾಲ್ಕನೆಯದು ಹಿಡಿಸದ್ದು. ಐದರಲ್ಲಿ ಇದು ಯಾರಿಗೆ ಇಷ್ಟವಾಗಬಹುದು ಅನ್ನೋದು, ಜೊತೆಗೆ ಪ್ರಕಾಶನ, ಪುಟಗಳು, ಬೆಲೆ. ಕೊನೆಯದು ರೇಟಿಂಗ್. ಮೊದಲು ಒಂದು ಪೋಸ್ಟಿಗೆ 10 ಸ್ಲೈಡ್ ಮಿತಿ ಇತ್ತು, 2024ರಲ್ಲಿ ಅದು 20 ಆಯಿತು. ಜಾಗ ಇದೆ ಅಂತ ತುಂಬಿಸಬೇಡಿ. ಸ್ಲೈಡ್ ಹೆಚ್ಚಿದಷ್ಟೂ ಗುಟ್ಟು ಸೋರುವ ತೂತುಗಳೂ ಹೆಚ್ಚುತ್ತವೆ.

ಐದನೇ ಸ್ಲೈಡಿನ ಬೆಲೆ, ಪುಟ ಬಿಡಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಅಂಗಡಿಗೆ ಹೋಗಿ ಕನ್ನಡ ಪುಸ್ತಕದ ನಾಲ್ಕು ಪುಟ ತಿರುವಿ ನೋಡಿ ಕೊಳ್ಳುವ ಅನುಕೂಲ ಇಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಬೇಕು. ನೋಡದೆ ದುಡ್ಡು ಕೊಡುವವರಿಗೆ ಅದು 90 ಪುಟವೋ 400 ಪುಟವೋ ಅನ್ನೋದು ಗೊತ್ತಿರಬೇಕಲ್ವಾ?

ಕಥೆಯನ್ನೇ ಹೇಳದೆ ವಿಮರ್ಶೆ ಬರೆಯುವುದು ಹೇಗೆ? ನಾವು ಓದಿಕೊಂಡು ಬಂದ ವಿಮರ್ಶೆಗಳೆಲ್ಲ ಪೂರ್ತಿ ಕಥೆ ಹೇಳುತ್ತಿದ್ದವಲ್ಲ?

ಗುಂಪಿನ ಹಿರಿಯರು ಕೇಳುವ ಪ್ರಶ್ನೆ ಇದು, ನ್ಯಾಯವಾದದ್ದೇ. ಪತ್ರಿಕೆಯ ದೊಡ್ಡ ವಿಮರ್ಶೆಗೆ ಅಂತ್ಯವನ್ನೂ ಮುಟ್ಟುವ ಹಕ್ಕಿದೆ, ಮುಟ್ಟದಿದ್ದರೆ ಅದು ಅರ್ಧ ಕೆಲಸ. ಆದರೆ ಕ್ಯಾರೊಸೆಲ್ ನೋಡುವವರು ಪುಸ್ತಕ ಇನ್ನೂ ಓದಿಲ್ಲ. ದಾದರ್‌ನಲ್ಲಿ ರೈಲು ಹತ್ತಿ ಕಂಬಿ ಹಿಡಿದು ನಿಂತು, ಒಂದೇ ಕೈಯಲ್ಲಿ ಸ್ಲೈಡ್ ಸರಿಸುತ್ತಿರುತ್ತಾರೆ. ಅವರಿಗೆ ಬೇಕಾದದ್ದು ಒಂದೇ: ತರಿಸಬೇಕೋ ಬೇಡವೋ. ಇದನ್ನು ವಿಮರ್ಶೆ ಅನ್ನುವುದಕ್ಕಿಂತ ಪರಿಚಯ ಅಂದುಕೊಂಡರೆ ಕೆಲಸ ಸುಲಭ.

ಕಥೆಯನ್ನು ಎಲ್ಲಿಯವರೆಗೆ ಹೇಳಬಹುದು?

ಪುಸ್ತಕದ ಮೊದಲ ಕಾಲು ಭಾಗದವರೆಗೆ. ಅದರಾಚೆಯ ಒಂದು ಘಟನೆಯೂ ಸ್ಲೈಡಿನಲ್ಲಿ ಬೇಡ. ಪತ್ತೇದಾರಿ ಕಾದಂಬರಿಯಾದರೆ ಗೆರೆ ಇನ್ನೂ ಹಿಂದಕ್ಕೆ ಬರಬೇಕು, ಮೊದಲ ಎರಡು ಅಧ್ಯಾಯಕ್ಕೇ ನಿಲ್ಲಿಸಿ.

ಉದಾಹರಣೆ ಬೇಕು. ನಿಜವಾದ ಪುಸ್ತಕ ತೆಗೆದುಕೊಂಡರೆ ಅದರ ಗುಟ್ಟು ಇಲ್ಲೇ ಬಯಲಾಗುತ್ತದೆ. ಹಾಗಾಗಿ ಇಲ್ಲದ ಒಂದು ಕಾದಂಬರಿಯನ್ನು ಕಟ್ಟಿಕೊಳ್ಳೋಣ. ಹೆಸರು ಬೇಡ, ಹೋಟೆಲ್ ಕಾದಂಬರಿ ಅನ್ನೋಣ. 260 ಪುಟ.

ಕುಂದಾಪುರದ ಕಡೆಯ ಸದಾಶಿವ ಹುಡುಗನಾಗಿದ್ದಾಗಲೇ ಮುಂಬೈಗೆ ಬರುತ್ತಾನೆ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ, ರಾತ್ರಿ ಕನ್ನಡ ಶಾಲೆಗೆ ಹೋಗುತ್ತಾನೆ. ಮುಂದೆ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾನೆ. ಅವನಿಗೆ ತಂದೆ ಯಾರೆಂದು ಗೊತ್ತಿಲ್ಲ ಅನ್ನೋದು 15ನೇ ಪುಟದಲ್ಲಿ ಬರುತ್ತದೆ. ಹೋಟೆಲ್ ಮಾರುವ ಮಾತು ನಡೆದಿರುವಾಗ, 40ನೇ ಪುಟದಲ್ಲಿ, ಸ್ಟೋರ್ ರೂಮಿನಲ್ಲಿ ಹಳೆಯ ಲೆಕ್ಕದ ಪುಸ್ತಕ ಸಿಗುತ್ತದೆ. ಅದರಲ್ಲಿ ತಿಂಗಳು ತಿಂಗಳು ಊರಿಗೆ ಮನಿಆರ್ಡರ್ ಮಾಡಿದ ಲೆಕ್ಕ ಇದೆ, ಯಾರಿಗೆ ಅಂತ ಇಲ್ಲ. ಧಣಿಗೆ ಮಕ್ಕಳಿಲ್ಲ ಅನ್ನೋದು 62ನೇ ಪುಟದ ಒಂದು ಸಾಲು. 110ನೇ ಪುಟದಲ್ಲಿ ಸದಾಶಿವ ಊರಿಗೆ ಹೊರಡುತ್ತಾನೆ. 228ನೇ ಪುಟದಲ್ಲಿ ಟ್ರಂಕಿನೊಳಗೆ ಒಂದು ಕಾಗದ ಸಿಕ್ಕಿ, ಧಣಿಯೇ ತನ್ನ ತಂದೆ ಅನ್ನೋದು ಗೊತ್ತಾಗುತ್ತದೆ.

260ರಲ್ಲಿ ಕಾಲು ಅಂದರೆ 65. ಲೆಕ್ಕದ ಪುಸ್ತಕ ಸಿಗುವುದನ್ನು ಹೇಳಬಹುದು, ಊರಿಗೆ ಹೋಗುವುದನ್ನು ಹೇಳುವ ಹಾಗಿಲ್ಲ.

ಮೊದಲ ಕಾಲು ಭಾಗದಲ್ಲಿ ಇರುವುದನ್ನೇ ಬರೆದೆ. ಆದರೂ ಒಬ್ಬರು ಗುಟ್ಟು ಊಹಿಸಿಬಿಟ್ಟರು. ಏಕೆ?

ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟಿರುತ್ತೀರಿ. ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

"ತಂದೆ ಯಾರೆಂದು ಅರಿಯದ ಸದಾಶಿವ, ಮಕ್ಕಳಿಲ್ಲದ ಧಣಿಯ ಹೋಟೆಲಿನಲ್ಲಿ ಬೆಳೆದು, ಒಂದು ದಿನ ಹಳೆಯ ಲೆಕ್ಕದ ಪುಸ್ತಕ ಕಂಡು ತನ್ನ ಬೇರುಗಳನ್ನು ಹುಡುಕಲು ತೊಡಗುತ್ತಾನೆ."

ಇದರಲ್ಲಿ 65ನೇ ಪುಟದಾಚೆಯ ಘಟನೆ ಒಂದೂ ಇಲ್ಲ. ಆದರೂ ಎಲ್ಲ ಮುಗಿದುಹೋಯಿತು. ಕಾದಂಬರಿಕಾರರು ತಂದೆಯ ಮಾತನ್ನೂ ಮಕ್ಕಳಿಲ್ಲದ ಮಾತನ್ನೂ ಸುಮಾರು 50 ಪುಟ ದೂರ ಇಟ್ಟಿದ್ದರು. ನಡುವೆ ಇಡ್ಲಿ ಬೇಯುತ್ತದೆ, ಗಿರಾಕಿಗಳು ಜಗಳ ಆಡುತ್ತಾರೆ, ಓದುವವರು ಮೊದಲನೆಯದನ್ನು ಮರೆಯುತ್ತಾರೆ. ನಾವು ಎರಡನ್ನೂ ಒಂದೇ ವಾಕ್ಯಕ್ಕೆ ತಂದೆವು. ಮೇಲೆ 'ಬೇರು' ಅಂತ ಬೇರೆ ಬರೆದೆವು. ಓದಿದವರಿಗೆ ಕೂಡಿಸುವ ಲೆಕ್ಕ ಎಷ್ಟು ಹೊತ್ತಿನದು?

ತಿದ್ದಿದ ರೂಪ:

"ಫೋರ್ಟಿನ ಒಂದು ಉಡುಪಿ ಹೋಟೆಲ್. ಲೋಟ ತೊಳೆಯಲು ಬಂದ ಸದಾಶಿವ ಈಗ ಗಲ್ಲೆಯಲ್ಲಿ ಕೂರುತ್ತಾನೆ. ಹೋಟೆಲ್ ಮಾರುವ ಮಾತು ನಡೆದಿರುವಾಗ ಸ್ಟೋರ್ ರೂಮಿನಲ್ಲಿ ಹಳೆಯ ಲೆಕ್ಕದ ಪುಸ್ತಕ ಸಿಗುತ್ತದೆ. ಪ್ರತಿ ತಿಂಗಳೂ ಒಂದು ಮನಿಆರ್ಡರ್. ಯಾರಿಗೆ?"

ತಂದೆಯೂ ಇಲ್ಲ, ಧಣಿಯೂ ಇಲ್ಲ. ಎಳೆ ಹಿಡಿಯುವುದಕ್ಕೆ ಒಂದು ಜಾಗ, ಒಬ್ಬ ಮನುಷ್ಯ, ಒಂದು ಕೊಕ್ಕೆ ಸಾಕು. ಮೂವತ್ತು ಪದದ ಒಳಗೇ ಮುಗಿಸಿ. ಬರೆದಾದ ಮೇಲೆ ಪುಸ್ತಕ ಓದದ ಒಬ್ಬರಿಗೆ ತೋರಿಸಿ, "ಮುಂದೆ ಏನಾಗಬಹುದು?" ಅಂತ ಕೇಳಿ. ಸರಿಯಾದ ಉತ್ತರ ಬಂದರೆ ಒಂದು ವಿವರ ತೆಗೆಯಿರಿ, ಮತ್ತೊಬ್ಬರಿಗೆ ತೋರಿಸಿ. ಮನೆಯವರಿಗೆ ಮೊದಲೇ ಕಥೆ ಹೇಳಿಬಿಟ್ಟಿದ್ದರೆ ಅವರು ಈ ಪರೀಕ್ಷೆಗೆ ಆಗುವುದಿಲ್ಲ!

ಬೆನ್ನುಡಿಯಲ್ಲಿ ಇರುವುದನ್ನು ಬರೆಯಬಹುದಾ?

ಬರೆಯಬಹುದು. ಪುಸ್ತಕ ಕೈಗೆತ್ತಿಕೊಂಡ ಯಾರಿಗೂ ಅದು ಕಾಣುತ್ತದೆ. ಮುನ್ನುಡಿಯ ವಿಷಯ ಬೇರೆ. ನಮ್ಮ ಕನ್ನಡ ಕಾದಂಬರಿಗಳಲ್ಲಿ ಮುನ್ನುಡಿ ಬರೆದ ಹಿರಿಯರು ಹಲವು ಸಲ ಕೊನೆಯ ಅಧ್ಯಾಯದವರೆಗೂ ಹೇಳಿಬಿಟ್ಟಿರುತ್ತಾರೆ. ಮೊದಲು ಕಾದಂಬರಿ, ಆಮೇಲೆ ಮುನ್ನುಡಿ. ಈ ಕ್ರಮದಲ್ಲೇ ಓದಿ. ಮುನ್ನುಡಿ ಗುಟ್ಟು ಬಿಡುತ್ತದೆ ಅನಿಸಿದರೆ ಐದನೇ ಸ್ಲೈಡಿನಲ್ಲಿ "ಮುನ್ನುಡಿಯನ್ನು ಕೊನೆಗೆ ಓದಿ" ಅಂತ ಒಂದು ಸಾಲು ಹಾಕಿ.

"ಕೊನೆಯಲ್ಲಿ ಊಹಿಸಲಾಗದ ತಿರುವು ಇದೆ" ಅಂತ ಹೇಳಬಹುದಲ್ಲ? ತಿರುವು ಏನು ಅಂತ ಹೇಳಿಲ್ಲವಲ್ಲ?

ಬೇಡ. ತಿರುವು ಇದೆ ಅನ್ನುವ ಸುದ್ದಿಯೇ ಅರ್ಧ ಗುಟ್ಟು. ಓದುವವರು ಆಮೇಲೆ ಪ್ರತಿ ಪಾತ್ರವನ್ನೂ ಸಂಶಯದಿಂದ ನೋಡುತ್ತಾರೆ. 62ನೇ ಪುಟದ ಆ ಸಾಲನ್ನು ಸುಮ್ನೆ ದಾಟಿಹೋಗಬೇಕಾದವರು ಅಲ್ಲೇ ನಿಂತುಬಿಡುತ್ತಾರೆ. "ಕೊನೆಯ ಪುಟಗಳಲ್ಲಿ ಅತ್ತುಬಿಟ್ಟೆ" ಅನ್ನುವುದೂ ಅದೇ ಜಾತಿ. ಸುಖಾಂತವೋ ದುಃಖಾಂತವೋ ಹೇಳಿದಂತಾಯಿತು.

ಹಿಡಿಸಿದ್ದರ ಸ್ಲೈಡಿನಲ್ಲಿ ಏನು ಬರೆಯಬೇಕು? ನನ್ನದು ಯಾವಾಗಲೂ "ಭಾಷೆ ಸೊಗಸಾಗಿದೆ, ಪಾತ್ರಗಳು ಜೀವಂತ" ಅಂತಲೇ ಆಗುತ್ತದೆ.

ಆ ಮಾತು ಯಾವ ಪುಸ್ತಕಕ್ಕೂ ಅಂಟುತ್ತದೆ. ಎರಡೇ ವಿಷಯ ಆರಿಸಿ, ಎರಡಕ್ಕೂ ಪುಸ್ತಕದಿಂದ ಒಂದು ಕಣ್ಣಿಗೆ ಕಾಣುವ ವಿವರ ಕೊಡಿ. ಹೋಟೆಲ್ ಕಾದಂಬರಿಗೆ ನಾನಾದರೆ ಹೀಗೆ ಬರೆಯುತ್ತೇನೆ: "ಬೆಳಗಿನ ಜಾವದ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ಹಿಟ್ಟು ಹುದುಗಿದೆಯೋ ಇಲ್ಲವೋ ಅಂತ ಭಟ್ಟರು ಪಾತ್ರೆಗೆ ಕಿವಿಕೊಟ್ಟು ಕೇಳುತ್ತಾರೆ." ಕಿವಿಕೊಡುವ ಭಟ್ಟರು ಬೇರೆ ಪುಸ್ತಕದಲ್ಲಿ ಸಿಗುವುದಿಲ್ಲ. ಓದಿದವರಿಗೆ ಲೇಖಕರ ಕಣ್ಣು ಎಂಥದು ಅನ್ನೋದು ಗೊತ್ತಾಯಿತು, ಕಥೆ ಒಂದಿಂಚೂ ಮುಂದೆ ಹೋಗಲಿಲ್ಲ.

ಒಂದು ಎಚ್ಚರ. ಸಣ್ಣ ಪಾತ್ರವನ್ನು ಜಾಸ್ತಿ ಹೊಗಳಬೇಡಿ. "ಧಣಿಯ ಪಾತ್ರ ಬಹಳ ದಿನ ಕಾಡುತ್ತದೆ" ಅಂದರೆ, ಮೊದಲ ನೂರು ಪುಟದಲ್ಲಿ ಮೂರು ಸಲ ಮಾತ್ರ ಕಾಣಿಸುವ ಧಣಿಯ ಮೇಲೆ ಓದುವವರ ಕಣ್ಣು ನೆಡುತ್ತದೆ.

ಹಿಡಿಸದ್ದನ್ನು ಬರೆಯುವಾಗಲೇ ಗುಟ್ಟು ಹೊರಬರುತ್ತದೆ. ಏನು ಮಾಡಲಿ?

ಗುಟ್ಟು ಹೆಚ್ಚಾಗಿ ಸೋರುವುದು ಇದೇ ನಾಲ್ಕನೇ ಸ್ಲೈಡಿನಲ್ಲಿ. ಕಥೆ ಹೇಳುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಸಿಟ್ಟು ಬಂದಾಗ ಕೈ ಸಡಿಲವಾಗುತ್ತದೆ.

ಹೋಟೆಲ್ ಕಾದಂಬರಿಯಲ್ಲಿ ದೊಡ್ಡ ಸತ್ಯ ಹೊರಬರುವುದು ಅಕಸ್ಮಾತ್ತಾಗಿ ಸಿಕ್ಕ ಕಾಗದದಿಂದ. ಇಷ್ಟು ಹೊತ್ತು ಹುಡುಕಾಡಿದ ಸದಾಶಿವನ ಶ್ರಮಕ್ಕೆ ಬೆಲೆಯೇ ಇಲ್ಲದಂತಾಯಿತು ಅಂತ ನಿಮಗೆ ಬೇಜಾರು. ಮೊದಲ ಕರಡು: "ಟ್ರಂಕಿನಲ್ಲಿ ಕಾಗದ ಸಿಗುವುದು ತೀರಾ ಸಿನಿಮೀಯ." ಇದು ನೇರವಾಗಿ ಗುಟ್ಟು. ಎರಡನೆಯದು: "ಕೊನೆಯಲ್ಲಿ ಸತ್ಯ ಬಯಲಾಗುವ ರೀತಿ ಸಿನಿಮೀಯ." ಕಾಗದ ಹೋಯಿತು, ಆದರೆ ಸತ್ಯ ಬಯಲಾಗುತ್ತದೆ ಅನ್ನೋದು ಉಳಿಯಿತು. ಎಷ್ಟೋ ಕಾದಂಬರಿಗಳು ಅದನ್ನು ಬಯಲು ಮಾಡದೆಯೇ ಮುಗಿಯುತ್ತವೆ. ಇದು ಅಂಥದಲ್ಲ ಅಂತ ನೀವೇ ಹೇಳಿದಿರಿ.

ಇಲ್ಲಿ ಒಂದು ಉಪಾಯ ಇದೆ. ಲೇಖಕರ ದೌರ್ಬಲ್ಯ ಒಂದೇ ಕಡೆ ಇರುವುದು ಅಪರೂಪ. 228ನೇ ಪುಟದಲ್ಲಿ ಆಕಸ್ಮಿಕವನ್ನು ನಂಬಿದವರು ಮೊದಲೂ ನಂಬಿರುತ್ತಾರೆ. ಮೊದಲ ಕಾಲು ಭಾಗಕ್ಕೆ ವಾಪಸ್ ಹೋಗಿ ಅದೇ ತಪ್ಪನ್ನು ಹುಡುಕಿ. ಸಿಕ್ಕಿತು: 40ನೇ ಪುಟ. ಹಾಗಾದರೆ ಬರೆಯಬೇಕಾದದ್ದು ಇದು:

"ಪಾತ್ರಗಳು ಹುಡುಕಿ ಪಡೆಯಬೇಕಾದದ್ದು ಕೆಲವು ಕಡೆ ತಾನಾಗಿ ಕೈಗೆ ಬರುತ್ತದೆ. ಲೆಕ್ಕದ ಪುಸ್ತಕ ಸಿಗುವ ಸನ್ನಿವೇಶವನ್ನೇ ನೋಡಿ, ಯಾರೋ ಡಬ್ಬ ಎಳೆದರು, ಪುಸ್ತಕ ಕಾಲಬುಡಕ್ಕೆ ಬಿತ್ತು."

ನಿಮ್ಮ ದೂರು ಪೂರ್ತಿ ಹೇಳಿದಂತಾಯಿತು, ಸಾಕ್ಷಿಯೂ ಕೊಟ್ಟಂತಾಯಿತು. ಓದಿ ಮುಗಿಸಿದವರಿಗೆ ನೀವು ನಿಜವಾಗಿ ಯಾವ ಪುಟದ ಬಗ್ಗೆ ಹೇಳುತ್ತಿದ್ದೀರಿ ಅನ್ನೋದು ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗುವುದಿಲ್ಲ.

ನಿಧಾನಗತಿಯ ದೂರಿಗೂ ಇದೇ ದಾರಿ. "ಊರಿನ ಭಾಗ ಎಳೆದಿದ್ದಾರೆ" ಅಂದರೆ ಅವನು ಊರಿಗೆ ಹೋಗುತ್ತಾನೆ ಅಂತ ಹೇಳಿದಿರಿ. "ನಡುವಿನ 50 ಪುಟಗಳಲ್ಲಿ ನಮಗೆ ಆಗಲೇ ಗೊತ್ತಿರುವುದನ್ನು ಮೂರು ಜನರ ಬಾಯಲ್ಲಿ ಮತ್ತೆ ಕೇಳಬೇಕು" ಅಂದರೆ ಗುಟ್ಟೂ ಉಳಿಯಿತು, ದೂರೂ ಹೆಚ್ಚು ನಿಖರವಾಯಿತು.

ಏನು ಮಾಡಿದರೂ ಗುಟ್ಟು ಬಿಡದೆ ಹೇಳಲು ಆಗದ ದೂರು ಇದ್ದರೆ?

ಬಿಟ್ಟುಬಿಡಿ. ಆದರೆ ಅದರ ಅಂಕ ಕಳೆಯಿರಿ, ಕಳೆದಿದ್ದೇನೆ ಅಂತಲೂ ಹೇಳಿ. ರೇಟಿಂಗ್ ಸ್ಲೈಡಿನಲ್ಲಿ "ಅರ್ಧ ಅಂಕ ಕಳೆದದ್ದಕ್ಕೆ ಕಾರಣ ಇಲ್ಲಿ ಹೇಳುವಂತಿಲ್ಲ, ಓದಿದವರು ಮೆಸೇಜ್ ಮಾಡಿ" ಅಂದರೆ ಸಾಕು. ಒಂದು ಸಮುದಾಯವನ್ನು ಹೀನವಾಗಿ ತೋರಿಸಿದ್ದು, ಮಗುವಿನ ಮೇಲಿನ ಹಿಂಸೆ, ಇಂಥವು ಕೊನೆಯಲ್ಲಿ ಬಂದಿದ್ದರೆ ಮಾತ್ರ ನಾನು ನಿಯಮ ಮುರಿಯುತ್ತೇನೆ. ಯಾರಿಗೆ, ಯಾವಾಗ ಅನ್ನದೆ, ಇಂಥದ್ದು ಇದೆ ಅಂತ ಒಂದು ಸಾಲು. ಓದುವವರ ನೆಮ್ಮದಿಗಿಂತ ಕಥೆಯ ಗುಟ್ಟು ದೊಡ್ಡದಲ್ಲ.

ಆಡುಮಾತು ಅರ್ಥವಾಗದಿದ್ದರೆ ಅದನ್ನು ಹಿಡಿಸದ್ದರಲ್ಲಿ ಹಾಕಬಹುದಾ?

ನೀವು ಎಲ್ಲಿಯವರು ಅಂತ ಹೇಳಿ ಹಾಕಿ. ನಮ್ಮ ಗುಂಪಿನಲ್ಲೇ ಕುಂದಾಪುರದವರು, ಅಂಕೋಲದವರು, ವಿಜಯಪುರದವರು ಒಟ್ಟಿಗೆ ಕೂರುತ್ತಾರೆ. "ಭಾಷೆ ಕಷ್ಟ" ಅನ್ನುವುದು ಪುಸ್ತಕದ ಮೇಲಿನ ದೂರಾಗುತ್ತದೆ. "ನಾನು ವಿಜಯಪುರದ ಕಡೆಯವಳು, ಕುಂದಾಪುರದ ಮಾತು ಹಿಡಿಯಲು ಮೂವತ್ತು ಪುಟ ಬೇಕಾಯಿತು" ಅನ್ನುವುದು ಓದುವವರಿಗೆ ಉಪಯೋಗದ ಸುದ್ದಿ. ಆದರೆ ಇದರ ಜಾಗ ನಾಲ್ಕನೆಯದಲ್ಲ, ಐದನೇ ಸ್ಲೈಡ್.

ರೇಟಿಂಗ್ ಹೇಗೆ ಕೊಡಬೇಕು?

ಐದಕ್ಕೆ ಎಷ್ಟು ಅಂತ, ಬೇಕಾದರೆ ಅರ್ಧ ಸೇರಿಸಿ. ಪ್ರತಿ ಅಂಕಕ್ಕೂ ಒಂದು ಅರ್ಥ ಇರಲಿ. ನಮ್ಮಲ್ಲಿ 5 ಅಂದರೆ ಮತ್ತೆ ಓದುತ್ತೇನೆ, 4 ಅಂದರೆ ದುಡ್ಡು ಕೊಟ್ಟು ತರಿಸಿ, 3 ಅಂದರೆ ಯಾರಾದರೂ ಕೊಟ್ಟರೆ ಓದಿ, 2 ಅಂದರೆ ಈ ಲೇಖಕರ ಬೇರೆ ಪುಸ್ತಕ ನೋಡಿ. 1ನ್ನು ನಾವು ಬಹುತೇಕ ಬಳಸುವುದಿಲ್ಲ. ಹೋಟೆಲ್ ಕಾದಂಬರಿಗೆ ನನ್ನ ಲೆಕ್ಕ 3.5. ಮೊದಲ ಭಾಗದ ಅಡುಗೆಮನೆಗಾಗಿ ತರಿಸಬಹುದು, ಆದರೆ ಅವಸರ ಇಲ್ಲ. ಅಂಕದ ಕೆಳಗೆ ಇಂಥ ಒಂದು ಸಾಲು ಇರಲೇಬೇಕು, ಇಲ್ಲದಿದ್ದರೆ 3.5 ಅನ್ನೋದು ಬರೀ ನಕ್ಷತ್ರ.

ಭಾಷೆಗೆ ಇಷ್ಟು, ಪಾತ್ರಕ್ಕೆ ಇಷ್ಟು ಅಂತ ಬಿಡಿಸಿ ಕೊಡುವವರಿದ್ದಾರೆ. ಕೊಡಿ, ಆದರೆ "ಅಂತ್ಯ: 2" ಅನ್ನುವ ಸಾಲು ಬೇಡ. ಅದು ಸಂಖ್ಯೆಯ ವೇಷದಲ್ಲಿ ಬಂದ ಸ್ಪಾಯ್ಲರ್.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ?

ರೇಟಿಂಗ್ ಬೇಡ. ಎಷ್ಟನೇ ಪುಟಕ್ಕೆ ಬಿಟ್ಟಿರಿ, ಏಕೆ ಅಂತ ಬರೆಯಿರಿ.

ಕಥಾಸಂಕಲನ, ಆತ್ಮಕಥೆಗೂ ಇದೇ ನಿಯಮವಾ?

ಸಂಕಲನದಲ್ಲಿ ಒಂದು ಕಥೆಯನ್ನು ಮಾತ್ರ ಆರಿಸಿ, ಅದರ ಆರಂಭದ ಸನ್ನಿವೇಶ ಹೇಳಿ, ಉಳಿದ ಕಥೆಗಳ ಜಗತ್ತು ಎಂಥದು ಅಂತ ಹೇಳಿದರೆ ಸಾಕು. ಹತ್ತು ಪುಟದ ಕಥೆಗೆ ಎರಡು ಸಾಲಿನ ಸಾರಾಂಶ ಬರೆದರೆ ಕಥೆಯೇ ಉಳಿಯುವುದಿಲ್ಲ. ಆತ್ಮಕಥೆಯಲ್ಲಿ ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಗುಟ್ಟಲ್ಲ. ಪುಸ್ತಕದಲ್ಲೇ ಮೊದಲ ಬಾರಿ ಹೇಳಿಕೊಂಡದ್ದು ಗುಟ್ಟು.

ಫೋಟೊದಲ್ಲಿ ಏನು ನೋಡಿಕೊಳ್ಳಬೇಕು?

ಪರಿವಿಡಿಯ ಫೋಟೊ ಹಾಕಬೇಡಿ. ಅಧ್ಯಾಯದ ಹೆಸರು "ಅಪ್ಪನ ಕಾಗದ" ಅಂತಿದ್ದರೆ ನಿಮ್ಮ ಎಲ್ಲ ಎಚ್ಚರವೂ ನೀರುಪಾಲು. ತೆರೆದ ಪುಟದ ಫೋಟೊ ಬೇಕೆಂದರೆ ಮೊದಲ ಕಾಲು ಭಾಗದ್ದು ಇರಲಿ. ಫೋಟೊ ದೊಡ್ಡದು ಮಾಡಿ ಎದುರಿನ ಪುಟವನ್ನೂ ಒಮ್ಮೆ ಓದಿಕೊಳ್ಳಿ. ಕಾಫಿ ಲೋಟ, ಹೂವು ನಿಮ್ಮಿಷ್ಟ.

ಸ್ಲೈಡಿನ ಅಳತೆ ಎಷ್ಟು? ಕನ್ನಡದ ಒತ್ತಕ್ಷರ ಏಕೆ ಕೆಡುತ್ತದೆ?

1080 × 1350 ಪಿಕ್ಸೆಲ್ ಇಟ್ಟುಕೊಳ್ಳಿ. ಮೊದಲ ಸ್ಲೈಡಿನ ಆಕಾರವೇ ಉಳಿದವಕ್ಕೂ ಬರುತ್ತದೆ. ಒಂದು ಚೌಕ, ಒಂದು ಉದ್ದ ಅಂತ ಬೆರೆಸಿದರೆ ಅಂಚಿನ ಸಾಲು ಕತ್ತರಿಸಿಹೋಗುತ್ತದೆ.

ಒತ್ತಕ್ಷರ ಕೆಡುವುದಕ್ಕೆ ಸಾಮಾನ್ಯ ಕಾರಣ ಮೂರು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಬರುತ್ತವೆ, ಮೊದಲು ಯೂನಿಕೋಡ್‌ಗೆ ಬದಲಿಸಿ. ಎರಡನೆಯದು, ಅಕ್ಷರಗಳ ನಡುವಿನ ಜಾಗ ಹೆಚ್ಚಿಸುವುದು. ಇಂಗ್ಲಿಷ್ ಶೀರ್ಷಿಕೆಗೆ ಅದು ಚಂದ, ಕನ್ನಡದಲ್ಲಿ ಒತ್ತು ತನ್ನ ಅಕ್ಷರ ಬಿಟ್ಟು ದೂರ ಹೋಗಬಹುದು. ಅದನ್ನು ಸೊನ್ನೆಯಲ್ಲೇ ಇಡಿ. ಮೂರನೆಯದು ಸಾಲುಗಳ ನಡುವಿನ ಅಂತರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.4ರಿಂದ 1.5ರವರೆಗೆ ಇಟ್ಟರೆ ಸರಿಹೋಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ, ಎರಡೂ ಚೆನ್ನಾಗಿ ಕಾಣುತ್ತವೆ. ಹಾಕುವ ಮೊದಲು ನಿಮ್ಮ ಫೋನಿನಲ್ಲೇ, ಬೆಳಕು ಅರ್ಧಕ್ಕೆ ಇಳಿಸಿ, ಕೈ ಉದ್ದಕ್ಕೆ ಹಿಡಿದು ಓದಿ. ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡುವುದಕ್ಕಿಂತ ಮೊದಲು ಪದ ಕಡಿಮೆ ಮಾಡಿ.

ಸ್ಲೈಡಿನಲ್ಲಿ ಇರುವುದನ್ನೇ ಕ್ಯಾಪ್ಷನ್‌ನಲ್ಲಿ ಮತ್ತೆ ಬರೆಯಬೇಕಾ?

ಹೌದು. ಕಣ್ಣು ಕಾಣದವರ ಫೋನು ಓದಿಹೇಳುವಾಗ ಚಿತ್ರದೊಳಗಿನ ಕನ್ನಡ ಸರಿಯಾಗಿ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಕ್ಯಾಪ್ಷನ್ನಿನ ಮಿತಿ 2,200 ಅಕ್ಷರ, ಆರು ಸ್ಲೈಡಿನ ಮಾತು ಹಿಡಿಯುತ್ತದೆ. ಇನ್ನೊಂದು ವಿಷಯ: ಮೊದಲ ಸ್ಲೈಡ್ ನೋಡಿ ಸರಿಸಿಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವು ಸಲ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತದೆ. ಹಾಗಾಗಿ ಎರಡನೆಯದರ ಮೂಲೆಯಲ್ಲೂ ಪುಸ್ತಕದ ಹೆಸರು ಸಣ್ಣದಾಗಿ ಇರಲಿ.

ಲೇಖಕರು ಪರಿಚಯದವರು. ಮುಂದಿನ ಕಾರ್ಯಕ್ರಮದಲ್ಲಿ ಎದುರಾಗುತ್ತಾರೆ. ಹಿಡಿಸದ್ದು ಬರೆಯುವುದು ಹೇಗೆ?

ಮುಂಬೈಯ ಕನ್ನಡ ಲೋಕ ಚಿಕ್ಕದು. ಇವತ್ತು ಬರೆದರೆ ಭಾನುವಾರ ಮೈಸೂರು ಅಸೋಸಿಯೇಷನ್ನಿನ ಮೆಟ್ಟಿಲ ಮೇಲೆ ಸಿಗುತ್ತಾರೆ. ಹಾಗಂತ ನಾಲ್ಕನೇ ಸ್ಲೈಡನ್ನೇ ತೆಗೆದರೆ ಉಳಿದ ಐದನ್ನೂ ಯಾರೂ ನಂಬುವುದಿಲ್ಲ. ಸನ್ನಿವೇಶ ತೋರಿಸಿ ಮಾತಾಡಿ, ಆಗ ಅವರಿಗೂ ಉತ್ತರ ಕೊಡಲು ಏನಾದರೂ ಇರುತ್ತದೆ. "ಲೇಖಕರು ಎಡವಿದ್ದಾರೆ" ಅನ್ನುವುದಕ್ಕಿಂತ "40ನೇ ಪುಟದ ಡಬ್ಬ ನನಗೆ ನಂಬಿಕೆ ಹುಟ್ಟಿಸಲಿಲ್ಲ" ಅನ್ನುವುದನ್ನು ಎದುರಿಗೆ ನಿಂತು ಹೇಳುವುದೂ ಸುಲಭ. ಪುಸ್ತಕ ಅವರೇ ಕೊಟ್ಟಿದ್ದರೆ ರೇಟಿಂಗ್ ಸ್ಲೈಡಿನಲ್ಲಿ "ಲೇಖಕರು ಕೊಟ್ಟ ಪ್ರತಿ" ಅಂತ ಬರೆಯಿರಿ. ನೆಂಟರಾಗಿದ್ದರೆ ಸರದಿಯನ್ನು ಬೇರೆಯವರಿಗೆ ಬಿಟ್ಟುಕೊಡಿ, ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದರೆ ಆಯಿತು.